ನನ್ನ ತಮ್ಮನಿಗೆ ಅವತ್ತು ಜ್ವರ ಇರಲಿಲ್ಲ

ನನ್ನ ತಮ್ಮನಿಗೆ ಉಗ್ಗು ಇದೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಹೇಳದೆ ಇರುವುದೇ ನಾನು ಮಾಡಿದ ತಪ್ಪು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯದಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ನಮ್ಮದು ಕೆ.ಆರ್. ಪುರದ ಹಳೇ ಊರು. ಅಪ್ಪ ಇದ್ದಾಗಲೇ ಹೊಲವೆಲ್ಲ ಹೋಗಿ, ಉಳಿದದ್ದು ಮನೆ ಮತ್ತು ಅದರ ಮೇಲೆ ಕಟ್ಟಿಸಿದ ಎರಡು ಬಾಡಿಗೆ ರೂಮು. ಅಪ್ಪ ಹೋದ ಮೇಲೆ ನಾನು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಂದು ಬ್ಲೌಸ್ ಅಂಗಡಿಗೆ ಸೇರಿದೆ. ಮೊದಲು ಕಾಜಾ, ಹುಕ್ಕು, ಆಮೇಲೆ ಫಾಲ್ಸು, ಪಿಕೋ, ಈಗ ಪೂರ್ತಿ ಬ್ಲೌಸು. ತಮ್ಮ ಆಗ ಚಿಕ್ಕವನು. ಅಮ್ಮ ಹೊರಗೆ ಹೋಗಿ ಮಾತಾಡುವ ಪೈಕಿ ಅಲ್ಲ. ಹಾಗಾಗಿ ಸ್ಕೂಲಿಗೆ, ಆಸ್ಪತ್ರೆಗೆ, ರೇಷನ್ ಅಂಗಡಿಗೆ, ಬ್ಯಾಂಕಿಗೆ ಅವನ ಕೈ ಹಿಡಿದುಕೊಂಡು ಹೋಗುತ್ತಿದ್ದವಳು ನಾನು.

ಯಾರಾದರೂ ಅವನನ್ನು "ಏನಪ್ಪಾ ನಿನ್ನ ಹೆಸರು?" ಎಂದು ಕೇಳಿದರೆ ಅವನ ತುಟಿ ಬಿಗಿಯುತ್ತಿತ್ತು. ಕತ್ತಿನ ನರ ಎದ್ದು ಕಾಣುತ್ತಿತ್ತು. ಬೇರೆ ಮಾತು ಹೇಗೋ ಬರುತ್ತಿತ್ತು, ತನ್ನ ಹೆಸರು ಮಾತ್ರ ಬರುತ್ತಿರಲಿಲ್ಲ. ಕೇಳಿದವರು ಮುಖ ಆ ಕಡೆ ತಿರುಗಿಸುವ ಮೊದಲೇ ನಾನು ಅವನ ಹೆಸರು ಹೇಳಿಬಿಡುತ್ತಿದ್ದೆ. ಹೆಸರು, ಕ್ಲಾಸು, ಊರು, ಇಳಿಯಬೇಕಾದ ಸ್ಟಾಪು, ಎಲ್ಲವನ್ನೂ. ಅವನು ಬಾಯಿ ತೆರೆಯುವಷ್ಟರಲ್ಲಿ ನನ್ನ ಉತ್ತರ ಮುಗಿದಿರುತ್ತಿತ್ತು. ಬೀದಿಯ ಹುಡುಗರು ಅವನಿಗೆ "ನೆಟ್‌ವರ್ಕ್" ಎಂದು ಹೆಸರಿಟ್ಟಿದ್ದರು. ಮಾತು ನಿಂತ ಕೂಡಲೇ "ಹಲೋ ಹಲೋ, ಕಟ್ ಆಗ್ತಾ ಇದೆ ಮಗಾ" ಎನ್ನುತ್ತಿದ್ದರು. ನಾನು ಅವರ ಮನೆಗಳಿಗೇ ಹೋಗಿ ಜಗಳ ಆಡಿ ಬಂದಿದ್ದೇನೆ.

ಒಂದೇ ಒಂದು ಸಲ ನಿಜ ಹೇಳಿದ್ದೆ. ಅವನನ್ನು ಪಿಯುಸಿಗೆ ಸೇರಿಸುವಾಗ ಕಾಲೇಜಿನ ಗುಮಾಸ್ತರಿಗೆ, ಸಾರ್ ಇವನಿಗೆ ಸ್ವಲ್ಪ ಉಗ್ಗು, ವೈವಾದಲ್ಲಿ ಸ್ವಲ್ಪ ನಿಧಾನ ನೋಡ್ಕೋಬೇಕು ಎಂದೆ. ಅವರು ಅರ್ಜಿಯಿಂದ ತಲೆ ಎತ್ತದೆ, "ಮಾತೇ ಬರದೋನಿಗೆ ಸೈನ್ಸ್ ಯಾಕಮ್ಮ? ಆರ್ಟ್ಸ್ ಕೊಡ್ಸು" ಎಂದರು. ತಮ್ಮ ಪಕ್ಕದಲ್ಲೇ ನಿಂತಿದ್ದ. ಸೈನ್ಸೇ ಕೊಡಿಸಿದೆ. ಆದರೆ ಆವತ್ತಿನಿಂದ ಯಾವ ಕಚೇರಿಯಲ್ಲೂ ಆ ಮಾತು ಎತ್ತಬಾರದು ಎಂದು ತೀರ್ಮಾನ ಮಾಡಿಕೊಂಡೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆಗೆ ಎರಡು ಸಲ ಕರೆದುಕೊಂಡು ಹೋಗಿದ್ದೆ. ಅದನ್ನೂ ನಿಲ್ಲಿಸಿದೆ.

ಅವನು ಓದಿದ. ಬಿ.ಎಸ್ಸಿ ಮುಗಿಸಿ, ಕೆರೆಗಳ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ. ನಮ್ಮ ಅಡಿಗೆ ಮನೆಯ ಶೆಲ್ಫಿನಲ್ಲಿ ಉಪ್ಪಿನಕಾಯಿ ಜಾಡಿಗಳ ಪಕ್ಕ ಕೆರೆ ನೀರಿನ ಬಾಟಲಿಗಳು ಬಂದು ಕೂತವು. ಅಮ್ಮ ಒಂದು ದಿನ ಅದರಲ್ಲಿ ಒಂದನ್ನು ಬಟ್ಟೆ ಸೋಪಿನ ನೀರು ಎಂದುಕೊಂಡು ಮೋರಿಗೆ ಚೆಲ್ಲಿಬಿಟ್ಟಳು. ಅವನು ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟ. ಮಾತು ಬಿಟ್ಟದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ ಎಂದು ಆಮೇಲೆ ತಾನೇ ನಗುತ್ತಾ ಹೇಳಿದ.

ಕೆರೆ ನೀರಿನ ಮೇಲೆಯೇ ಎಂ.ಎಸ್ಸಿ ಮಾಡಬೇಕು ಎಂಬುದು ಅವನ ಆಸೆ. ಐರ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಕೋರ್ಸು. ಅಂಕಗಳು ಸಾಲುತ್ತಿದ್ದವು, ಸಂಸ್ಥೆಯವರು ಒಳ್ಳೆಯ ಶಿಫಾರಸು ಪತ್ರ ಕೊಟ್ಟರು. ಉಳಿದದ್ದು ಇಂಗ್ಲಿಷ್ ಪರೀಕ್ಷೆ. ಹೊರದೇಶಕ್ಕೆ ಓದಲು ಹೋಗುವವರೆಲ್ಲ ಬರೆಯುವ ಆ ಪರೀಕ್ಷೆಯಲ್ಲಿ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ನಾಲ್ಕರ ಸರಾಸರಿ ಆರೂವರೆ ಇರಬೇಕು, ಯಾವ ಭಾಗದಲ್ಲೂ ಆರಕ್ಕಿಂತ ಕಡಿಮೆ ಆಗಬಾರದು. ಇದು ಆ ವಿಶ್ವವಿದ್ಯಾಲಯದ ನಿಯಮ.

ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದ. ನಾನು ಮನೆಯ ಮೆಷಿನ್ ಮುಂದೆ ಕೂತಿದ್ದೆ. ಅಂಗವೈಕಲ್ಯವೋ ಬೇರೆ ತೊಂದರೆಯೋ ಇದ್ದವರು ಮುಂಚಿತವಾಗಿ ಕೇಳಿಕೊಂಡರೆ ವಿಶೇಷ ವ್ಯವಸ್ಥೆ ಮಾಡಿಕೊಡುತ್ತಾರಂತೆ, ಉಗ್ಗಿದ್ದವರಿಗೆ ಮಾತಿನ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದಂತೆ, ವೈದ್ಯರ ಪತ್ರ ಬೇಕಂತೆ, ಕೇಳಲಾ ಎಂದ. ಇಷ್ಟು ಹೇಳಲು ಅವನಿಗೆ ಸುಮಾರು ಹೊತ್ತು ಹಿಡಿಯಿತು. ನಾನು ಮೆಷಿನ್ ನಿಲ್ಲಿಸಲಿಲ್ಲ.

"ಬೇಡ," ಎಂದೆ. "ಒಂದ್ಸಲ ಬರೆದ್ಕೊಟ್ರೆ ಅದು ನಿನ್ನ ಹಿಂದೇನೇ ಬರುತ್ತೆ. ಸೀಟೂ ಕೊಡಲ್ಲ, ಕೆಲ್ಸಾನೂ ಕೊಡಲ್ಲ. ನಿಂಗೇನಾಗಿದೆ? ಏನೂ ಆಗಿಲ್ಲ."

ಅವನು ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಒಳಗೆ ಹೋದ. ಅವನಿಗೆ ಇಪ್ಪತ್ತಾರು ವರ್ಷ ದಾಟಿತ್ತು, ನನ್ನ ಮಾತು ಮೀರಬಹುದಿತ್ತು. ಮೀರಲಿಲ್ಲ. ಮೀರದ ಹಾಗೆ ಬೆಳೆಸಿದವಳು ನಾನೇ.

ಮಾತಿನ ಪರೀಕ್ಷೆಯೆಂದರೆ ಒಂದು ಕೋಣೆ, ಎದುರಿಗೆ ಒಬ್ಬ ಪರೀಕ್ಷಕರು, ಹತ್ತು ಹದಿನೈದು ನಿಮಿಷದ ಮಾತುಕತೆ. ಅವರು ಕೇಳುವ ಮೊದಲನೇ ಪ್ರಶ್ನೆ, ನಿಮ್ಮ ಪೂರ್ತಿ ಹೆಸರೇನು? ಅವನು ಅಲ್ಲೇ ಸಿಕ್ಕಿಹಾಕಿಕೊಂಡ. ಹೆಸರು ಹೊರಗೆ ಬರುವಷ್ಟರಲ್ಲಿ ಬೆವರಿಹೋಗಿದ್ದನಂತೆ. ಆ ಗಾಬರಿಗೆ ಮುಂದಿನ ಪ್ರಶ್ನೆಗಳಿಗೆ ಚಿಕ್ಕ ಚಿಕ್ಕ ಉತ್ತರ ಕೊಟ್ಟ. ಗೊತ್ತಿದ್ದ ದೊಡ್ಡ ಪದಗಳನ್ನೆಲ್ಲ ಬಿಟ್ಟು, ಬಾಯಿಗೆ ಸುಲಭವಾಗುವ ಪದಗಳಲ್ಲೇ ದಾಟಿಬಂದ. ಒಂದು ಸಲ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದನಂತೆ. ಪಕ್ಕದಲ್ಲಿ ಗೋಡೆ ಇತ್ತು. ಇದನ್ನು ಅವನು ನನಗೆ ತಮಾಷೆ ಎಂಬಂತೆ ಹೇಳಿದ.

ಫಲಿತಾಂಶ ಬಂತು. ಕೇಳುವುದರಲ್ಲಿ ಏಳೂವರೆ, ಓದುವುದರಲ್ಲಿ ಏಳು, ಬರೆಯುವುದರಲ್ಲಿ ಆರೂವರೆ. ಮಾತಿನಲ್ಲಿ ಐದೂವರೆ. ಸರಾಸರಿ ಸಾಕಾಗಿತ್ತು. ಮಾತಿನಲ್ಲಿ ಅರ್ಧ ಕಡಿಮೆ.

ಇಂದಿರಾನಗರದಲ್ಲಿ ಅವನ ಅರ್ಜಿ ನೋಡಿಕೊಳ್ಳುತ್ತಿದ್ದ ಕನ್ಸಲ್ಟೆನ್ಸಿಗೆ ಇಬ್ಬರೂ ಹೋದೆವು. ಗಾಜಿನ ಬಾಗಿಲು, ಗೋಡೆ ತುಂಬಾ ಹಸಿರು ಹುಲ್ಲಿನ ಮೇಲೆ ಕೂತು ನಗುವ ಮಕ್ಕಳ ಪಟ. ಕೌನ್ಸೆಲರ್ ಮೇಡಂ ನನಗಿಂತ ಚಿಕ್ಕವರು, ಒಳ್ಳೆಯವರೇ. ಅರ್ಜಿಯನ್ನು ಇನ್ನೂ ತಿರಸ್ಕರಿಸಿಲ್ಲ, ಆದರೆ ಇಂಗ್ಲಿಷ್ ಅಂಕ ಸರಿಯಾಗುವವರೆಗೆ ಪರಿಗಣಿಸುವುದಿಲ್ಲ ಎಂದು ಮೇಲ್ ಬಂದಿದೆ, ಕೋರ್ಸಿನಲ್ಲಿರುವುದೇ ಕೆಲವು ಸೀಟು, ಅಷ್ಟರಲ್ಲಿ ತುಂಬಿಹೋಗಬಹುದು ಎಂದರು. ಒಂದು ದಾರಿ ಇದೆ: ಅಡ್ಮಿಷನ್ ಆಫೀಸಿಗೆ ಪತ್ರ ಬರೆಯುವುದು. ಅಂಕ ಯಾಕೆ ಕಡಿಮೆ ಬಂತು ಎಂದು ವಿವರಿಸಿ, ಈಗ ಷರತ್ತಿನ ಮೇಲೆ ಪ್ರವೇಶ ಕೊಡಿ, ಕೋರ್ಸ್ ಶುರುವಾಗುವ ಮೊದಲು ಬೇಕಾದ ಅಂಕ ತಂದುಕೊಡುತ್ತೇನೆ ಎಂದು ಕೇಳಿಕೊಳ್ಳುವುದು. ಮಾತಿನ ಭಾಗವೊಂದನ್ನೇ ಮತ್ತೆ ಬರೆಯಲು ಅವಕಾಶವಿದೆ, ಆದರೆ ಮೊದಲ ಪರೀಕ್ಷೆಯಾದ ಎರಡು ತಿಂಗಳೊಳಗೆ. ಹಾಗೆ ಬಂದ ಅಂಕವನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ, ಅದನ್ನೂ ಪತ್ರದಲ್ಲೇ ಕೇಳಬೇಕು.

"ಕಾರಣ ಏನಂತ ಬರಿಯೋದು?" ಎಂದು ನಾನು ಕೇಳಿದೆ.

"ಎಲ್ರೂ ಫೀವರ್ ಅಂತ ಬರೀತಾರೆ," ಎಂದರು ಮೇಡಂ. "ಎಕ್ಸಾಮ್ ದಿನ ವೈರಲ್ ಫೀವರ್, ಗಂಟಲು ಕಟ್ಟಿತ್ತು. ಒಂದು ಮೆಡಿಕಲ್ ಸರ್ಟಿಫಿಕೇಟ್ ಇದ್ರೆ ಇನ್ನೂ ಚೆನ್ನಾಗಿರುತ್ತೆ. ಸಿಗುತ್ತಲ್ವಾ?"

ಸಿಗುತ್ತೆ ಎಂದೆ. ತಮ್ಮನನ್ನು ಕೇಳಲಿಲ್ಲ. ನನ್ನ ಅಂಗಡಿ ಇರುವ ಗಲ್ಲಿಯಲ್ಲೇ ಒಂದು ಕ್ಲಿನಿಕ್ಕಿತ್ತು. ಮಾರನೇ ದಿನ ಅಂಗಡಿಯಿಂದ ಸೀದಾ ಅಲ್ಲಿಗೆ ಹೋದೆ. ಡಾಕ್ಟರ ಹೆಂಡತಿಯ ಬ್ಲೌಸುಗಳೆಲ್ಲ ನಾನೇ ಹೊಲಿದದ್ದು, ಆ ಸಲುಗೆ. ಡಾಕ್ಟರು ಹಿಂದಿನ ತಾರೀಖು ಹಾಕಿ ಬರೆದುಕೊಟ್ಟರು. ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬರುವಾಗ ನನಗೆ ನಾಚಿಕೆ ಆಗಲಿಲ್ಲ. ಏನೋ ಗೆದ್ದು ತಂದ ಹಾಗೆ ಇತ್ತು. ಸತ್ಯ ಬರೆಯಬೇಕೆಂದು ಕೂತಿರುವುದರಿಂದ ಇದನ್ನೂ ಬರೆಯುತ್ತಿದ್ದೇನೆ.

ತಮ್ಮ ಚೀಟಿ ಓದಿ ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಕೋಪ ಇರಲಿಲ್ಲ.

"ಅಕ್ಕ," ಎಂದ. ಆಮೇಲೆ ಮುಂದಿನ ಮಾತಿಗೆ ತಡವಾಯಿತು. "ಜ್ವರ ಬಂದ್ರೆ ಹೋ... ಹೋಗುತ್ತೆ. ನಂದು ಹೋಗಲ್ಲ. ಈ ಸಲ ಜ್ವರ ಅಂತ ಬರೆದು, ಮತ್ತೆ ಹೋಗಿ ಅಲ್ಲಿ ಕೂತಾಗ? ಆವಾಗ ಯಾವ ಜ್ವರ ಹೇಳ್ಲಿ?"

ನಾನು ಸುಮ್ಮನಾಗಲಿಲ್ಲ. ಅವರಿಗೆಲ್ಲ ಗೊತ್ತಾದರೆ ಏನು ಗತಿ, ಆ ಗುಮಾಸ್ತ ಏನೆಂದ ನೆನಪಿಲ್ಲವಾ, ಐರ್ಲೆಂಡಿನಲ್ಲೂ ಗುಮಾಸ್ತರು ಇರುತ್ತಾರೆ ಎಂದೆಲ್ಲ ಕೂಗಾಡಿದೆ. ಅವನು ನನ್ನನ್ನು ಮಾತಾಡಲು ಬಿಟ್ಟ. ನಾನು ಮುಗಿಸಿದ ಮೇಲೆ, ಕಾಲೇಜಿನಲ್ಲಿ ಗುಮಾಸ್ತರು ಅಂದಿದ್ದಕ್ಕಿಂತ ತಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ನಾವಿಬ್ಬರೂ ಮಾತಾಡಿದ್ದು ತನಗೆ ಹೆಚ್ಚು ನೆನಪಿದೆ ಎಂದ. ನಾವಿಬ್ಬರೂ ಅಂದರೆ ಗುಮಾಸ್ತರು ಮತ್ತು ನಾನು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸಾಮಾನ್ಯವಾಗಿ ಏನೂ ಹೇಳದವಳು, "ಅವ್ನು ಹೇಳೋದು ಕೇಳೇ," ಎಂದಳು.

ಚೀಟಿಯನ್ನು ನಾನೇ ಹರಿದೆ.

ನಿಜ ಬರೆಯಬೇಕೆಂದರೆ ಪುರಾವೆ ಬೇಕಿತ್ತು. ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸಕಿಯ ಹತ್ತಿರ ಹೋದೆವು. ಅವರು ಬರೆದುಕೊಳ್ಳಲು ಹಾಳೆ ತೆಗೆದು, ಅವನನ್ನು ನೋಡಿ ಹೆಸರು ಕೇಳಿದರು. ನನ್ನ ಬಾಯಿ ತೆರೆದುಕೊಂಡಿತು. ಪಕ್ಕದಲ್ಲಿ ಕೂತಿದ್ದ ತಮ್ಮ ನನ್ನ ಮುಂಗೈ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದ. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಅವನ ಮೊದಲ ಅಕ್ಷರ ಸಿಕ್ಕಿತು, ನಿಂತಿತು, ಮತ್ತೆ ಸಿಕ್ಕಿತು. ಆ ಚಿಕಿತ್ಸಕಿ ಹಾಳೆ ನೋಡಲಿಲ್ಲ, ಗಡಿಯಾರ ನೋಡಲಿಲ್ಲ, ಪಾಪ ಎಂಬ ಮುಖ ಮಾಡಲಿಲ್ಲ. ಕಾದರು. ಅವನ ಹೆಸರು ಪೂರ್ತಿ ಬಂತು. ಅವನ ಬಾಯಿಂದ ಅವನ ಹೆಸರನ್ನು ನಾನು ಪೂರ್ತಿ ಕೇಳಿ ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ಚೆನ್ನಾಗಿತ್ತು.

ವರದಿ ಸಿಕ್ಕಿತು. ಉಗ್ಗು ಬಾಲ್ಯದಿಂದ ಇದೆ, ಇದಕ್ಕೂ ಭಾಷೆಯ ಜ್ಞಾನಕ್ಕೂ ಸಂಬಂಧವಿಲ್ಲ, ಮಾತಿನ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬೇಕು ಎಂದು ಬರೆದಿದ್ದರು. ಕನ್ಸಲ್ಟೆನ್ಸಿಯ ಮೇಡಂ ಅದನ್ನು ನೋಡಿ ಹುಬ್ಬು ಗಂಟು ಹಾಕಿದರು. ರಿಸ್ಕ್ ಆಗುತ್ತೆ, ಫೀವರ್ ಆದರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ ಎಂದರು. ಹಾಗಾದರೆ ತಾನೇ ನೇರವಾಗಿ ಬರೆಯುತ್ತೇನೆ ಎಂದು ತಮ್ಮ ಅರ್ಜಿ ಸಂಖ್ಯೆ ಕೇಳಿ ಇಸಿದುಕೊಂಡ. ನಾನು ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಅವನು ಶಿಳ್ಳೆ ಹಾಕುತ್ತಿದ್ದ. ಶಿಳ್ಳೆ ಹಾಕುವಾಗ ಅವನಿಗೆ ಎಲ್ಲೂ ತಡೆಯುವುದಿಲ್ಲ.

ಭಾನುವಾರ ಕೂತು ಪತ್ರ ಬರೆದ. ಇಂಗ್ಲಿಷಿನಲ್ಲಿ ಬರೆದು, ಒಂದೊಂದೇ ವಾಕ್ಯವನ್ನು ನನಗೆ ಕನ್ನಡದಲ್ಲಿ ಹೇಳಿದ. ಅದರಲ್ಲಿ ದಯವಿಟ್ಟು ಎಂಬ ಮಾತು ಒಂದೇ ಸಲ ಇತ್ತು, ಕೊನೆಗೆ. ನಾನು ಇನ್ನೆರಡು ಸೇರಿಸು ಎಂದೆ. ಬೇಡ ಎಂದ. ಪತ್ರ ಹೆಚ್ಚುಕಡಿಮೆ ಹೀಗಿತ್ತು: ನನಗೆ ಉಗ್ಗು ಇದೆ. ಮಾತಿನ ಭಾಗದಲ್ಲಿ ಅರ್ಧ ಅಂಕ ಕಡಿಮೆ ಬಂದಿದೆ. ಉಳಿದ ಮೂರು ಭಾಗಗಳ ಅಂಕ ನಿಮ್ಮ ನಿಯಮಕ್ಕಿಂತ ಹೆಚ್ಚಿದೆ. ಅಂಕ ಮನ್ನಾ ಮಾಡಿ ಎಂದು ನಾನು ಕೇಳುತ್ತಿಲ್ಲ. ಸೂಕ್ತ ವ್ಯವಸ್ಥೆಯೊಂದಿಗೆ ಆ ಭಾಗವನ್ನು ಮತ್ತೆ ತೆಗೆದುಕೊಳ್ಳುತ್ತೇನೆ, ಆ ಅಂಕವನ್ನು ಒಪ್ಪುತ್ತೀರಾ ತಿಳಿಸಿ, ಅಲ್ಲಿಯವರೆಗೆ ಷರತ್ತಿನ ಮೇಲೆ ಪ್ರವೇಶ ಕೊಡಿ. ಚಿಕಿತ್ಸಕಿಯ ವರದಿ ಲಗತ್ತಿಸಿದೆ.

ಒಂದು ಪ್ರಶ್ನೆ ಉಳಿದಿತ್ತು. ಮೊದಲ ಸಲವೇ ಯಾಕೆ ವ್ಯವಸ್ಥೆ ಕೇಳಲಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೂ ಒಂದು ವಾಕ್ಯ ಬರೆದಿದ್ದ. ಅದನ್ನು ಕನ್ನಡದಲ್ಲಿ ಹೇಳುವಾಗ ಸ್ವಲ್ಪ ತಲೆ ತಗ್ಗಿಸಿದ: ಅಂಥ ವ್ಯವಸ್ಥೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಸುಳ್ಳು," ಎಂದೆ.

"ಇರ್ಲಿ ಬಿಡಕ್ಕ. ಮನೆ ವಿಷಯ ಅವ್ರಿಗ್ಯಾಕೆ?"

"ಲೋ, ನಿನ್ನ ಪಾಲಿಗೆ ಜ್ವರ ಬೇಡ ಅಂದೆ. ನನ್ನ ಪಾಲಿಗೆ ಮಾತ್ರ ಜ್ವರ ಹಾಕ್ತೀಯಾ? ನಾನು ಬೇಡ ಅಂದೆ ಅಂತ ಬರಿ."

ಅವನು ನನ್ನನ್ನೇ ನೋಡಿದ. ಇದು ಕಚೇರಿಯ ಪತ್ರ, ಇದರಲ್ಲಿ ಅಕ್ಕನ ಮೇಲೆ ದೂರು ಹಾಕಿದರೆ ಏನು ತಿಳಿದುಕೊಳ್ಳುತ್ತಾರೆ ಎಂದ. ಏನು ಬೇಕಾದರೂ ತಿಳಿದುಕೊಳ್ಳಲಿ ಎಂದೆ. ಇಷ್ಟು ವರ್ಷ ಇವನ ಬದಲಿಗೆ ಮಾತಾಡಿದವಳು ನಾನು, ನನ್ನ ಬದಲಿಗೆ ಇವನು ಸುಳ್ಳು ಹೇಳುವುದು ಬೇಡ. ನನ್ನದು ತಪ್ಪು, ಅದನ್ನು ಬರೆದರೆ ಆಕಾಶ ಕಳಚಿ ಬೀಳುವುದಿಲ್ಲ. ನನಗೆ ಅಳು ಬರುತ್ತಿತ್ತು, ಆದರೆ ಅಳಲಿಲ್ಲ. ಅತ್ತರೆ ಅವನು ಆ ವಾಕ್ಯವನ್ನು ಹಾಗೇ ಬಿಟ್ಟುಬಿಡುತ್ತಾನೆಂದು ಗೊತ್ತಿತ್ತು.

ಅವನು ಅಳಿಸಿ, ಬೇರೆ ಟೈಪ್ ಮಾಡಿದ. ತಾನೇ ನಕ್ಕ. ಏನು ಬರೆದೆ ಎಂದು ಕೇಳಿದೆ. ಓದಿ ಹೇಳಿದ: ನನ್ನ ಅಕ್ಕನ ಸಲಹೆಯಂತೆ ಮೊದಲ ಸಲ ನಾನು ಕೇಳಲಿಲ್ಲ, ಅವಳು ಈಗ ಆ ಸಲಹೆ ಕೊಡುವುದನ್ನು ನಿಲ್ಲಿಸಿದ್ದಾಳೆ.

"ಇದು ಸರಿ," ಎಂದೆ. ಕಳಿಸಿದ.

ಆಮೇಲಿನ ದಿನಗಳಲ್ಲಿ ಅವನು ದಿನಕ್ಕೆ ಎಷ್ಟು ಸಲ ಮೇಲ್ ನೋಡುತ್ತಿದ್ದನೋ, ನಾನು ಅಷ್ಟು ಸಲ ಅವನ ಮುಖ ನೋಡುತ್ತಿದ್ದೆ. ಅಂಗಡಿಯಲ್ಲಿ ಒಂದು ಬ್ಲೌಸಿನ ತೋಳನ್ನು ತಿರುವುಮುರುವಾಗಿ ಜೋಡಿಸಿದೆ. ಶಿವಾಜಿನಗರದ ಹಳೇ ಮನುಷ್ಯ ನಮ್ಮ ಕಟಿಂಗ್ ಮಾಸ್ಟರ್, ಕನ್ನಡಕ್ಕೆ ದಖ್ಖನಿ ಬೆರೆಸಿ ಮಾತಾಡುವವರು. "ಕ್ಯಾ ಹುವಾ ಬೇಟಿ, ಕೈ ಇಲ್ಲಿದೆ, ತಲೆ ಎಲ್ಲಿದೆ?" ಎಂದರು. ಮೊದಲಾಗಿದ್ದರೆ ತಲೆನೋವು ಎನ್ನುತ್ತಿದ್ದೆ. ಅವತ್ತು, ನನ್ನ ತಮ್ಮನಿಗೆ ಉಗ್ಗು ಮಾಸ್ಟರ್, ಅದನ್ನೇ ಬರೆದು ಸೀಟು ಕೇಳಿದ್ದಾನೆ, ಕಾಯ್ತಾ ಇದ್ದೀವಿ ಎಂದೆ. ಇಷ್ಟು ವರ್ಷ ಅವರ ಜೊತೆ ಕೆಲಸ ಮಾಡಿದರೂ ಹೇಳಿರಲಿಲ್ಲ. ಅವರು ಆ ತೋಳನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಿಚ್ಚತೊಡಗಿದರು. "ಅದಕ್ಕೇನಾಯ್ತು?" ಎಂದರು. ಅಷ್ಟೇ.

ಉತ್ತರ ಬಂತು. ಮೊದಲು ಅಡ್ಮಿಷನ್ ಆಫೀಸಿನವರು, ಅದರ ಹಿಂದೆಯೇ ಅಂಗವಿಕಲ ವಿದ್ಯಾರ್ಥಿಗಳಿಗೆ ನೆರವಾಗುವ ವಿಭಾಗದವರು ಬರೆದರು. ವರದಿ ನೋಡಿದ್ದೇವೆ, ಮಾತಿನ ಭಾಗವೊಂದನ್ನೇ ಮತ್ತೆ ತೆಗೆದುಕೊಂಡ ಅಂಕವನ್ನು ಒಪ್ಪುತ್ತೇವೆ. ಷರತ್ತಿನ ಮೇಲೆ ಪ್ರವೇಶ ಕೊಟ್ಟಿದ್ದೇವೆ, ಷರತ್ತು ಒಂದೇ: ಕೋರ್ಸಿಗೆ ನೋಂದಣಿಯಾಗುವ ಮೊದಲು ಮಾತಿನಲ್ಲಿ ಆರು ತರಬೇಕು. ಬಂದ ಮೇಲೆ ತರಗತಿಯಲ್ಲಿ ಯಾವ ಅನುಕೂಲ ಬೇಕೆಂದು ನೀವೇ ತಿಳಿಸಿ. ಆ ನೀವೇ ಎಂಬ ಪದವನ್ನು ಅವನು ನನಗೆ ಎರಡು ಸಲ ಓದಿ ಹೇಳಿದ. ಅಕ್ಕನ ಬಗ್ಗೆ ಏನೂ ಬರೆದಿರಲಿಲ್ಲ. ನನಗೆ ಸ್ವಲ್ಪ ನಿರಾಸೆಯಾಯಿತು, ಅದನ್ನು ಹೇಳಿದೆ, ಅವನು ಬಿದ್ದು ಬಿದ್ದು ನಕ್ಕ.

ಪರೀಕ್ಷೆಯವರಿಗೆ ವರದಿ ಕಳಿಸಿ, ಹೆಚ್ಚು ಸಮಯ ಬೇಕೆಂದು ಕೇಳಿ, ಅವರು ಒಪ್ಪಿ, ಎರಡು ತಿಂಗಳ ಗಡುವಿನೊಳಗೇ ಕೊನೆಯ ವಾರದಲ್ಲಿ ಜಾಗ ಸಿಕ್ಕಿತು. ನಾನು ಬರುತ್ತೇನೆ, ಹೊರಗೆ ಗೇಟಿನ ಹತ್ತಿರ ನಿಂತಿರುತ್ತೇನೆ ಎಂದೆ. ಬೇಡ ಎಂದ. ಮೆಟ್ರೋ ಸ್ಟೇಷನ್ನಿನವರೆಗೆ ಬರುತ್ತೇನೆ ಎಂದೆ. ಅದೂ ಬೇಡ ಎಂದ. ನಮ್ಮ ಬೀದಿಯ ತುದಿಯಲ್ಲಿ ಅವನೊಂದು ಆಟೋ ನಿಲ್ಲಿಸಿದ್ದು ಬಾಗಿಲಿಂದ ಕಂಡಿತು. ಡ್ರೈವರ್ ತಲೆ ಹೊರಗೆ ಹಾಕಿ ಏನೋ ಕೇಳಿದ. ತಮ್ಮನ ಕತ್ತು ಬಿಗಿದದ್ದು ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು. ಹಿಂದಿದ್ದ ಗಾಡಿ ಹಾರ್ನ್ ಹೊಡೆಯಿತು. ನಾನು ಹೊಸಲಿನ ಮೇಲೆ ಒಂದು ಕಾಲಿಟ್ಟಿದ್ದೆ, ಇನ್ನೊಂದನ್ನು ಎತ್ತಲಿಲ್ಲ. ಆಮೇಲೆ ಅವನು ಹತ್ತಿ ಕೂತ, ಆಟೋ ಹೋಯಿತು.

ಸಂಜೆ ಬಂದವನು ಮೊದಲು ನೀರು ಕುಡಿದ. ಹೇಗಾಯ್ತು ಎಂದು ಅಮ್ಮ ಕೇಳಿದಳು. ನಾನು ಬಾಯಿ ಬಿಡಲಿಲ್ಲ.

"ಹೆ... ಹೆಸರು ಹೇಳಕ್ಕೇ ತುಂಬಾ ಹೊತ್ತಾಯ್ತು," ಎಂದ.

"ಆಮೇಲೆ?"

"ಕಾದ್ರು."

ಮಾತಿನಲ್ಲಿ ಆರು ಬಂತು. ಆರೇ, ಒಂದು ಚೂರೂ ಹೆಚ್ಚಿಲ್ಲ. ಷರತ್ತಿಗೆ ಅಷ್ಟೇ ಬೇಕಿತ್ತು. ಇನ್ನು ವೀಸಾ ಒಂದು ಬಾಕಿ ಇದೆ, ಅಲ್ಲಿ ಏನು ಕೇಳಿದರೂ ಅವನೇ ಹೇಳಿಕೊಳ್ಳಲಿ. ನಮ್ಮ ಬೀದಿಯಲ್ಲಿ ಯಾರಾದರೂ ನನ್ನನ್ನು ತಡೆದು, ನಿನ್ನ ತಮ್ಮನಿಗೆ ಮಾತು ಬರಲ್ಲವಂತೆ, ಅಲ್ಲಿ ಹೋಗಿ ಏನು ಮಾಡುತ್ತಾನೆ ಎಂದು ಕೇಳಿದರೆ ನಾನು ಈಗ ಉತ್ತರ ಕೊಡುವುದಿಲ್ಲ. ಮನೆಯಲ್ಲಿದ್ದಾನೆ, ಹೋಗಿ ಅವನನ್ನೇ ಕೇಳಿ ಎನ್ನುತ್ತೇನೆ. ಕೇಳುವವರು ಸ್ವಲ್ಪ ಕಾಯಬೇಕಾಗುತ್ತದೆ.